ಎರಡು ಕಾಯಿಲ್, ನಾಲ್ಕು ರೀಡಿಂಗ್: ಮ್ಯೂಚುಅಲ್ ಇಂಡಕ್ಟನ್ಸ್ ಅಳೆಯುವಾಗ ಮಾಡಬೇಕಾದ್ದು, ಮಾಡಬಾರದ್ದು

ಎಲ್‌ಸಿಆರ್ ಮೀಟರ್ ಇಟ್ಟುಕೊಂಡು ಎರಡು ಕಾಯಿಲ್‌ಗಳ ಮ್ಯೂಚುಅಲ್ ಇಂಡಕ್ಟನ್ಸನ್ನೂ ಕಪ್ಲಿಂಗ್ ಕೋಎಫಿಶಿಯಂಟನ್ನೂ ಅಳೆಯಲು ಕೂರುವ ಎಲ್ಲರಿಗೂ ಈ ಸೂಚನೆ. ಮೀಟರಿನ ಸ್ವಿಚ್ ಹಾಕುವ ಮುಂಚೆ ಓದಿ. ಅರ್ಧ ಅಳತೆ ಆದಮೇಲೆ ಓದಿದರೆ ಮತ್ತೆ ಮೊದಲಿಂದ ಶುರು ಮಾಡಬೇಕಾಗುತ್ತದೆ.

ಅಳತೆಯ ತಿರುಳು

ಎರಡು ಕಾಯಿಲ್‌ಗಳನ್ನು ಸೀರೀಸ್‌ನಲ್ಲಿ ಜೋಡಿಸಿದಾಗ ಎರಡರಲ್ಲೂ ಒಂದೇ ಕರೆಂಟ್ ಹರಿಯುತ್ತದೆ. ಅವುಗಳ ಫ್ಲಕ್ಸ್ ಒಂದಕ್ಕೊಂದು ಒತ್ತಾಸೆಯಾಗಿದ್ದರೆ ಅದು ಏಡಿಂಗ್. ಆಗ ಒಟ್ಟು ಇಂಡಕ್ಟನ್ಸ್ ಎರಡರ ಮೊತ್ತಕ್ಕಿಂತ ಹೆಚ್ಚು ಬರುತ್ತದೆ. ಒಂದನ್ನೊಂದು ಎದುರಿಸುತ್ತಿದ್ದರೆ ಅದು ಅಪೋಸಿಂಗ್. ಆಗ ಮೊತ್ತಕ್ಕಿಂತ ಕಡಿಮೆ ಬರುತ್ತದೆ. ಏಡಿಂಗ್ ರೀಡಿಂಗನ್ನು La, ಅಪೋಸಿಂಗ್ ರೀಡಿಂಗನ್ನು Lo ಎಂದು ಬರೆದುಕೊಂಡರೆ ಬೇಕಾದ ಸೂತ್ರಗಳು ಇಷ್ಟೇ:

```
La = L1 + L2 + 2M
Lo = L1 + L2 - 2M

M  = (La - Lo) / 4
k  = M / √(L1 × L2)

ತಾಳೆ: (La + Lo) / 2 = L1 + L2
```

M ಬರುವುದು ಎರಡು ದೊಡ್ಡ ಸಂಖ್ಯೆಗಳ ವ್ಯತ್ಯಾಸದಿಂದ. ಎರಡು ರೀಡಿಂಗ್‌ಗಳ ನಡುವೆ ತಂತಿಯ ಜೋಡಣೆ ಬಿಟ್ಟು ಬೇರೆ ಏನೇ ಬದಲಾದರೂ ಆ ಬದಲಾವಣೆ ನೇರವಾಗಿ M ಒಳಗೆ ಸೇರಿಕೊಳ್ಳುತ್ತದೆ. ಎರಡರಲ್ಲೂ ಹಾಗೇ ಉಳಿದ ತಪ್ಪು ಕಳೆಯುವಾಗ ಹೊರಟುಹೋಗುತ್ತದೆ. ಕೆಳಗಿನ ಒಂದೊಂದು ಮಾತೂ ಹುಟ್ಟಿರುವುದು ಇದರಿಂದಲೇ.

ಉದಾಹರಣೆಗೆ ಸೂಚನೆಯುದ್ದಕ್ಕೂ ಒಂದೇ ಜೋಡಿಯನ್ನು ಬಳಸಿದ್ದೇವೆ. 50 ಮಿ.ಮೀ. ವ್ಯಾಸದ ಪಿವಿಸಿ ಪೈಪಿನ ಎರಡು ತುಂಡುಗಳ ಮೇಲೆ 24 ಗೇಜಿನ ಎನಾಮೆಲ್ ತಂತಿಯನ್ನು ಒಂದೇ ಪದರದಲ್ಲಿ ಒತ್ತೊತ್ತಾಗಿ ಸುತ್ತಿದ ಕಾಯಿಲ್‌ಗಳು. ಮೊದಲನೆಯದರಲ್ಲಿ 44 ಸುತ್ತು, ಎರಡನೆಯದರಲ್ಲಿ 33. ಒಂದೇ ಅಕ್ಷದ ಮೇಲೆ, ಮುಖಕ್ಕೆ ಮುಖವಿಟ್ಟು, ನಡುವೆ 2 ಮಿ.ಮೀ. ದಪ್ಪದ ರಟ್ಟು. ಒಳಗೆ ಕೋರ್ ಇಲ್ಲ.

## ಮಾಡಬೇಕಾದ್ದು

1. ತಂತಿಯ ನಾಲ್ಕೂ ತುದಿಗಳಿಗೆ ಹೆಸರು ಕೊಡಿ.

ಮೊದಲ ಕಾಯಿಲಿನ ತುದಿಗಳು A1, A2. ಎರಡನೆಯದರ ತುದಿಗಳು B1, B2. ಮಾಸ್ಕಿಂಗ್ ಟೇಪಿನ ಚೂರಿನ ಮೇಲೆ ಬರೆದು ತುದಿಗೇ ಅಂಟಿಸಿ. ತುದಿಯ ಎನಾಮೆಲನ್ನು ಸುತ್ತಲೂ ಕೆರೆದು ತವರ ಹಿಡಿಸಿ. ಒಂದು ಮಗ್ಗುಲು ಮಾತ್ರ ಕೆರೆದ ತಂತಿಗೆ ಕ್ಲಿಪ್ ಹಾಕಿದರೆ ಪ್ರತಿ ಸಲವೂ ಬೇರೆ ರೆಸಿಸ್ಟನ್ಸ್ ಸಿಗುತ್ತದೆ.

ಒಂದು ಜೋಡಣೆಯಲ್ಲಿ A2ವನ್ನು B1ಕ್ಕೆ ಸೇರಿಸಿ A1 ಮತ್ತು B2 ನಡುವೆ ಅಳೆಯಿರಿ. ಇನ್ನೊಂದರಲ್ಲಿ A2ವನ್ನು B2ಕ್ಕೆ ಸೇರಿಸಿ A1 ಮತ್ತು B1 ನಡುವೆ ಅಳೆಯಿರಿ. ಯಾವುದು ಏಡಿಂಗ್ ಎಂದು ಮೊದಲೇ ಊಹಿಸುವ ಅಗತ್ಯವಿಲ್ಲ. ಹೆಚ್ಚು ಬಂದದ್ದೇ ಏಡಿಂಗ್. ಅದು ಗೊತ್ತಾದ ಮೇಲೆ ಡಾಟ್ ಗುರುತು ಹಾಕಿ. A2–B1 ಸೇರಿಸಿದಾಗ ಹೆಚ್ಚು ಬಂದಿದ್ದರೆ A1 ಮತ್ತು B1 ಡಾಟ್ ತುದಿಗಳು.

2. ಮೀಟರನ್ನು ಸೀರೀಸ್ ಮೋಡಿಗೆ ಹಾಕಿ. ಪರದೆಯಲ್ಲಿ Ls ಅಥವಾ SER ಎಂದು ತೋರಿಸುವುದನ್ನು ಕಣ್ಣಾರೆ ನೋಡಿ.

ಇಂಡಕ್ಟನ್ಸ್‌ಗಳನ್ನು ಕೂಡಿಸಿ ಕಳೆಯುವ ಲೆಕ್ಕ ಸರಿಹೋಗುವುದು Ls ಇದ್ದಾಗ ಮಾತ್ರ. Lp ಎಂಬುದು ಅದೇ ಕಾಯಿಲಿನಲ್ಲಿ ಇಂಡಕ್ಟನ್ಸಿಗೆ ಸಮಾಂತರವಾಗಿ ರೆಸಿಸ್ಟನ್ಸ್ ಇದೆಯೆಂದು ಬಗೆದಾಗ ಬರುವ ಬೇರೆಯೇ ಸಂಖ್ಯೆ. ಕಾಯಿಲಿನ ರಿಯಾಕ್ಟನ್ಸ್ ಅದರ ರೆಸಿಸ್ಟನ್ಸಿಗಿಂತ ಹತ್ತಾರು ಪಟ್ಟು ದೊಡ್ಡದಿದ್ದರೆ ಎರಡೂ ಹೆಚ್ಚುಕಡಿಮೆ ಒಂದೇ ಬರುತ್ತವೆ. ಇಲ್ಲದಿದ್ದರೆ ಅನಾಹುತ.

ನಮ್ಮ ಜೋಡಿಯನ್ನೇ 1 ಕಿಲೋಹರ್ಟ್ಸ್‌ನಲ್ಲಿ ನೋಡಿ. ಇದರ ನಿಜವಾದ ಏಡಿಂಗ್ ಇಂಡಕ್ಟನ್ಸ್ 203.1 ಮೈಕ್ರೋಹೆನ್ರಿ, ಅಪೋಸಿಂಗ್ 131.5, ಸೀರೀಸ್ ರೆಸಿಸ್ಟನ್ಸ್ 0.93 ಓಮ್. ಸೀರೀಸ್ ಮೋಡಿನಲ್ಲಿ M 17.9 ಬರಬೇಕು. ಪ್ಯಾರಲಲ್ ಮೋಡಿನಲ್ಲಿ ಅದೇ ಜೋಡಿ ಸುಮಾರು 311 ಮತ್ತು 298 ತೋರಿಸುತ್ತದೆ; ಲೆಕ್ಕ ಹಾಕಿದರೆ M ಬರೀ 3.2. ಮೀಟರ್ ಕೆಟ್ಟಿಲ್ಲ, ತಂತಿ ಬಿಟ್ಟಿಲ್ಲ, ರೀಡಿಂಗ್ ಕದಲುವುದೂ ಇಲ್ಲ. ಆದರೂ ಉತ್ತರ ಐದು ಪಟ್ಟಿಗಿಂತ ಹೆಚ್ಚು ತಪ್ಪು. ಮೀಟರ್ ತಾನಾಗಿ ಮೋಡ್ ಆರಿಸಿಕೊಳ್ಳುವಂತಿದ್ದರೆ ಆ ಸೌಲಭ್ಯವನ್ನು ಆಫ್ ಮಾಡಿ.

3. ಫ್ರೀಕ್ವೆನ್ಸಿಯನ್ನು ಕಾಯಿಲ್ ನೋಡಿ ಆರಿಸಿ, ಆರಿಸಿದ ಮೇಲೆ ನಾಲ್ಕೂ ರೀಡಿಂಗಿಗೆ ಅದನ್ನೇ ಇಟ್ಟುಕೊಳ್ಳಿ.

ಕೆಳಗಿನ ಮಿತಿಯನ್ನು ಹಾಕುವುದು ತಂತಿಯ ರೆಸಿಸ್ಟನ್ಸ್. 1 ಕಿಲೋಹರ್ಟ್ಸ್‌ನಲ್ಲಿ ನಮ್ಮ ಮೊದಲ ಕಾಯಿಲಿನ ರಿಯಾಕ್ಟನ್ಸ್ 0.64 ಓಮ್, ರೆಸಿಸ್ಟನ್ಸ್ 0.52 ಓಮ್. ಎರಡೂ ಸರಿಸುಮಾರು ಒಂದೇ ಇರುವಾಗ ಮೀಟರಿಗೆ ಬೇರ್ಪಡಿಸಿ ನೋಡುವುದು ಕಷ್ಟ, ಕೊನೆಯ ಅಂಕೆಗಳು ಅಲುಗಾಡುತ್ತವೆ. 10 ಕಿಲೋಹರ್ಟ್ಸ್‌ನಲ್ಲಿ ರಿಯಾಕ್ಟನ್ಸ್ 6.4 ಓಮಿಗೆ ಏರುತ್ತದೆ, ರೀಡಿಂಗ್ ನಿಲ್ಲುತ್ತದೆ. ಈ ಜೋಡಿಗೆ 10 ಕಿಲೋಹರ್ಟ್ಸ್ ಸರಿ.

ಮೇಲಿನ ಮಿತಿಯನ್ನು ಹಾಕುವುದು ಸುತ್ತುಗಳ ನಡುವಿನ ಕೆಪಾಸಿಟನ್ಸ್. ಕಾಯಿಲ್ ತನ್ನದೇ ರೆಸೊನನ್ಸ್ ಹತ್ತಿರವಾದಂತೆ ಮೀಟರ್ ತೋರಿಸುವ ಇಂಡಕ್ಟನ್ಸ್ ಉಬ್ಬುತ್ತದೆ. ಅಳೆಯುವ ಫ್ರೀಕ್ವೆನ್ಸಿ ರೆಸೊನನ್ಸಿನ ಹತ್ತನೇ ಒಂದು ಭಾಗದಲ್ಲಿದ್ದರೆ ಉಬ್ಬು ಶೇ. 1. ನಮ್ಮಂಥ ಒಂದೇ ಪದರದ ಚಿಕ್ಕ ಕಾಯಿಲಿಗೆ 10 ಕಿಲೋಹರ್ಟ್ಸ್‌ನಲ್ಲಿ ಈ ಭಯವಿಲ್ಲ. ಆದರೆ ಸಾವಿರಾರು ಸುತ್ತಿನ, ಹಲವು ಪದರದ 100 ಮಿಲಿಹೆನ್ರಿ ಕಾಯಿಲಿಗೆ 200 ಪಿಕೋಫ್ಯಾರಡ್ ಕೆಪಾಸಿಟನ್ಸ್ ಇದ್ದರೆ ರೆಸೊನನ್ಸ್ ಸುಮಾರು 36 ಕಿಲೋಹರ್ಟ್ಸ್‌ನಲ್ಲೇ ಬರುತ್ತದೆ. ಅದನ್ನು 10 ಕಿಲೋಹರ್ಟ್ಸ್‌ನಲ್ಲಿ ಅಳೆದರೆ ಶೇ. 8ಕ್ಕಿಂತ ಹೆಚ್ಚು ಉಬ್ಬಿ ಕಾಣುತ್ತದೆ. 1 ಕಿಲೋಹರ್ಟ್ಸ್‌ನಲ್ಲಿ ಉಬ್ಬು ಶೇ. 0.1ನ್ನೂ ಮುಟ್ಟುವುದಿಲ್ಲ. ಏಡಿಂಗ್ ಜೋಡಣೆಯ ಇಂಡಕ್ಟನ್ಸ್ ದೊಡ್ಡದಾದ್ದರಿಂದ ಸಾಮಾನ್ಯವಾಗಿ ಅದೇ ಹೆಚ್ಚು ಉಬ್ಬುತ್ತದೆ, ಅಪೋಸಿಂಗ್ ಕಡಿಮೆ. ಹೀಗಾಗಿ M ನಿಜಕ್ಕಿಂತ ದೊಡ್ಡದಾಗಿ ಬರುತ್ತದೆ.

ಅನುಮಾನ ಬಂದರೆ ನಾಲ್ಕೂ ರೀಡಿಂಗನ್ನು ಇನ್ನೊಂದು ಫ್ರೀಕ್ವೆನ್ಸಿಯಲ್ಲಿ ಮತ್ತೆ ತೆಗೆದುಕೊಳ್ಳಿ. ಫ್ರೀಕ್ವೆನ್ಸಿ ಏರಿಸಿದಾಗ M ಹೆಚ್ಚಾದರೆ ಕೆಪಾಸಿಟನ್ಸ್ ಮೇಲೆ ಕಣ್ಣಿಡಿ. M ಕಡಿಮೆಯಾದರೆ ಹತ್ತಿರದಲ್ಲಿ ಎಡ್ಡಿ ಕರೆಂಟ್ ಹರಿಯುವ ಲೋಹ ಇದೆಯೇ ಹುಡುಕಿ.

4. ಓಪನ್ ಮತ್ತು ಶಾರ್ಟ್ ಕರೆಕ್ಷನ್ ಮಾಡಿ, ಆಮೇಲೆ ರೇಂಜನ್ನು ಹಿಡಿದಿಡಿ.

ಅಳತೆಗೆ ಬಳಸುವ ಲೀಡುಗಳನ್ನೇ ಸಿಕ್ಕಿಸಿ, ಅವು ಅಳತೆಯ ವೇಳೆ ಇರುವ ಜಾಗದಲ್ಲೇ ಇಟ್ಟು ಕರೆಕ್ಷನ್ ಮಾಡಿ. ನಾಲ್ಕು ತಂತಿಯ ಕೆಲ್ವಿನ್ ಕ್ಲಿಪ್ ಇದ್ದರೆ ಅದನ್ನೇ ಬಳಸಿ.

ರೇಂಜ್ ವಿಷಯ ಹಲವರು ಗಮನಿಸುವುದೇ ಇಲ್ಲ. ನಮ್ಮ ಜೋಡಿಯ ಅಪೋಸಿಂಗ್ ರೀಡಿಂಗ್ 131.5, ಏಡಿಂಗ್ 203.1. ಮೀಟರಿಗೆ 200 ಮತ್ತು 2000 ಮೈಕ್ರೋಹೆನ್ರಿಯ ರೇಂಜ್‌ಗಳಿದ್ದರೆ ಆಟೋ ಇಟ್ಟಾಗ ಮೊದಲನೆಯದನ್ನು ಒಂದು ರೇಂಜಿನಲ್ಲಿ, ಎರಡನೆಯದನ್ನು ಇನ್ನೊಂದರಲ್ಲಿ ಓದುತ್ತದೆ. ಎರಡು ರೇಂಜಿಗೆ ಎರಡು ಬಗೆಯ ತಪ್ಪು. ಕಳೆದಾಗ ಅವು ಹೊರಟುಹೋಗುವುದಿಲ್ಲ. ರೇಂಜ್ ಹೋಲ್ಡ್ ಬಟನ್ ಒತ್ತಿ, ಎಲ್ಲವನ್ನೂ 2000ದ ರೇಂಜಿನಲ್ಲೇ ಓದಿ. ಒಂದು ಅಂಕೆ ಕಡಿಮೆ ಕಂಡರೂ ಆ ರೀಡಿಂಗ್‌ಗಳೇ ಹೆಚ್ಚು ನಂಬಿಕೆಗೆ ಅರ್ಹ.

5. L1 ಮತ್ತು L2 ಅಳೆಯುವಾಗ ಎರಡೂ ಕಾಯಿಲ್ ಇದ್ದ ಜಾಗದಲ್ಲೇ ಇರಲಿ. ಅಳೆಯದ ಕಾಯಿಲಿನ ತುದಿಗಳು ಓಪನ್ ಇರಲಿ.

ಒಂದನ್ನು ಎತ್ತಿಟ್ಟು ಇನ್ನೊಂದನ್ನು ಒಂಟಿಯಾಗಿ ಅಳೆಯಬೇಡಿ. ನಮ್ಮ ಪಿವಿಸಿ ಕಾಯಿಲಿಗೆ ಇದರಿಂದ ದೊಡ್ಡ ವ್ಯತ್ಯಾಸವಾಗದು. ಆದರೆ ವೈರ್‌ಲೆಸ್ ಚಾರ್ಜಿಂಗ್ ಕಾಯಿಲಿನಂತೆ ಹಿಂಬದಿಗೆ ಫೆರೈಟ್ ಹಾಳೆ ಅಂಟಿಸಿದ್ದರೆ, ಎದುರಿನ ಕಾಯಿಲಿನ ಫೆರೈಟು ಹತ್ತಿರ ಬಂದಾಗ ಈ ಕಾಯಿಲಿನ ಸ್ವಂತ ಇಂಡಕ್ಟನ್ಸೇ ಏರುತ್ತದೆ. ಒಂಟಿಯಾಗಿ ಅಳೆದ L1 ಆ ಜೋಡಿಯ L1 ಅಲ್ಲ.

ಅಳೆಯದ ಕಾಯಿಲಿನ ಮೇಲೆ ಹಿಂದಿನ ಜೋಡಣೆಯ ತಂತಿ ಉಳಿದು ತುದಿಗಳು ಶಾರ್ಟ್ ಆಗಿದ್ದರೆ ಮೀಟರ್ L1 ತೋರಿಸುವುದಿಲ್ಲ. L1(1 − k²) ತೋರಿಸುತ್ತದೆ. ನಮ್ಮ ಜೋಡಿಯಲ್ಲಿ 102.4 ಬರಬೇಕಾದಲ್ಲಿ 97.4 ಬರುತ್ತದೆ. ನೋಡಲು ಒಪ್ಪುವಂತಿದೆ, ಆದರೆ ತಪ್ಪು.

6. ಪ್ರತಿ ಇಂಡಕ್ಟನ್ಸ್ ಜೊತೆಗೆ ಸೀರೀಸ್ ರೆಸಿಸ್ಟನ್ಸನ್ನೂ ಬರೆದುಕೊಳ್ಳಿ.

ಕಾಯಿಲ್‌ಗಳ ಸೀರೀಸ್ ರೆಸಿಸ್ಟನ್ಸ್ 0.52 ಮತ್ತು 0.41 ಓಮ್ ಇದ್ದರೆ ಏಡಿಂಗ್‌ನಲ್ಲೂ ಅಪೋಸಿಂಗ್‌ನಲ್ಲೂ 0.93ರ ಆಸುಪಾಸಿನಲ್ಲೇ ಬರಬೇಕು. ಒಂದರಲ್ಲಿ 0.93, ಇನ್ನೊಂದರಲ್ಲಿ 1.35 ಬಂದರೆ ಜೋಡಣೆಯ ತಂತಿಯೋ ಕ್ಲಿಪ್ಪೋ ಸರಿಯಾಗಿ ಕಚ್ಚಿಲ್ಲ. ಮತ್ತೆ ತವರ ಹಿಡಿಸಿ ಅಳೆಯಿರಿ. ಸಂಪರ್ಕವೆಲ್ಲ ಬಿಗಿಯಾಗಿದ್ದೂ ಎರಡರಲ್ಲಿ ರೆಸಿಸ್ಟನ್ಸ್ ಬೇರೆ ಬೇರೆ ಬಂದರೆ, ಹತ್ತಿರದ ಲೋಹದಲ್ಲೋ ಕೋರಿನಲ್ಲೋ ಶಕ್ತಿ ಪೋಲಾಗುತ್ತಿದೆ ಎಂದರ್ಥ. ಫ್ಲಕ್ಸಿನ ಹಂಚಿಕೆ ಬದಲಾದಂತೆ ಆ ನಷ್ಟವೂ ಬದಲಾಗುತ್ತದೆ.

7. ತಾಳೆ ನೋಡದೆ M ಬರೆಯಬೇಡಿ.

ಏಡಿಂಗ್ ಮತ್ತು ಅಪೋಸಿಂಗ್‌ಗಳ ಸರಾಸರಿ L1 + L2ಗೆ ಸಮನಾಗಬೇಕು. M ಲೆಕ್ಕಕ್ಕೆ L1, L2 ಬೇಡವೇ ಬೇಡ, k ಗೆ ಮಾತ್ರ ಬೇಕು ಎಂದು ಅವನ್ನು ಕೊನೆಗೆ ದೂಡುವ ಅಭ್ಯಾಸವಿದೆ. ಅವನ್ನು ಮೊದಲೇ ಅಳೆಯಿರಿ. ಅಳತೆಯ ಕಾವಲು ಅವೇ.

## ಒಂದು ಅಳತೆ, ಮೊದಲಿಂದ ಕೊನೆವರೆಗೆ

ಮೇಲಿನ ಜೋಡಿಯನ್ನು 10 ಕಿಲೋಹರ್ಟ್ಸ್, ಸೀರೀಸ್ ಮೋಡ್, 2000ದ ರೇಂಜಿನಲ್ಲಿ ಅಳೆದ ಲೆಕ್ಕ ಹೀಗಿದೆ. ಇಂಡಕ್ಟನ್ಸ್ ಎಲ್ಲವೂ ಮೈಕ್ರೋಹೆನ್ರಿಯಲ್ಲಿ.

```
L1 = 102.4    L2 = 64.8    L1 + L2 = 167.2
La = 203.1    Lo = 131.5
ಸರಾಸರಿ = (203.1 + 131.5) / 2 = 167.3
M = (203.1 - 131.5) / 4 = 17.9
k = 17.9 / √(102.4 × 64.8) = 17.9 / 81.5 = 0.22
```

ಸರಾಸರಿ 167.3, ಮೊತ್ತ 167.2. ಆ 0.1 ಎಲ್ಲಿಂದ ಬಂತು? A2ವನ್ನು ಇನ್ನೊಂದು ಕಾಯಿಲಿಗೆ ಸೇರಿಸಿದ ತಂತಿಯ ತುಂಡಿನಿಂದ. ಬಿಡಿ ತಂತಿಗೆ ಮೀಟರಿಗೆ ಸುಮಾರು 1 ಮೈಕ್ರೋಹೆನ್ರಿ ಇಂಡಕ್ಟನ್ಸ್ ಎಂದು ಅಂದಾಜು. ಹತ್ತು ಸೆಂಟಿಮೀಟರ್ ತುಂಡಿಗೆ 0.1. ಅದು ಏಡಿಂಗ್‌ನಲ್ಲೂ ಇದೆ, ಅಪೋಸಿಂಗ್‌ನಲ್ಲೂ ಇದೆ. ಕಳೆದಾಗ ಹೋಯಿತು. M ಮೇಲೆ ಅದರ ನೆರಳು ಬೀಳಲಿಲ್ಲ.

ಈಗ ಏಡಿಂಗ್ ಓದಿಯಾದ ಮೇಲೆ ಕ್ಲಿಪ್ ಬದಲಿಸುವಾಗ ಕೈ ತಾಗಿ ಎರಡನೇ ಕಾಯಿಲ್ ಒಂದೂವರೆ ಮಿಲಿಮೀಟರಿನಷ್ಟು ಹಿಂದೆ ಸರಿಯಿತು ಎನ್ನಿ. ಆ ಹೊಸ ಜಾಗದಲ್ಲಿ M 16.5. ಅಪೋಸಿಂಗ್ ರೀಡಿಂಗ್ 134.3 ಬರುತ್ತದೆ. ಲೆಕ್ಕ ಹಾಕಿದರೆ M 17.2. ಇದು ಹಳೆಯ ಜಾಗದ್ದೂ ಅಲ್ಲ, ಹೊಸ ಜಾಗದ್ದೂ ಅಲ್ಲ, ಎರಡರ ನಟ್ಟನಡುವಿನ ಸಂಖ್ಯೆ. ನೋಡಿದರೆ ಏನೂ ಅನುಮಾನ ಬರುವುದಿಲ್ಲ. ಆದರೆ ಸರಾಸರಿ 168.7ಕ್ಕೆ ಏರಿದೆ, ಮೊತ್ತಕ್ಕಿಂತ 1.5 ಹೆಚ್ಚು. ಅದರಲ್ಲಿ ತಂತಿಯ ತುಂಡಿನ 0.1 ಬಿಟ್ಟರೆ ಉಳಿಯುವ 1.4 ಎರಡು ಜಾಗಗಳ M ನಡುವಿನ ವ್ಯತ್ಯಾಸವೇ. ಕಾಯಿಲ್ ಸರಿದಿದೆ ಎಂದು ಹೇಳುವುದು ಈ ತಾಳೆ ಒಂದೇ.

ತಾಳೆಗೂ ಒಂದು ಮಿತಿ ಇದೆ. ಮೀಟರ್ ಎಲ್ಲವನ್ನೂ ಶೇ. 2 ಹೆಚ್ಚಾಗಿ ಓದುತ್ತಿದ್ದರೆ ಸರಾಸರಿಯೂ ಮೊತ್ತವೂ ಒಟ್ಟಿಗೇ ಏರುತ್ತವೆ, ತಾಳೆ ಸರಿಯಾಗಿಯೇ ಕಾಣುತ್ತದೆ. ಆಗ M ಶೇ. 2 ತಪ್ಪು, k ಮಾತ್ರ ಅನುಪಾತವಾದ್ದರಿಂದ ಸರಿಯಾಗಿಯೇ ಇರುತ್ತದೆ. M ನಿಖರವಾಗಿ ಬೇಕಿದ್ದರೆ ಮೌಲ್ಯ ಗೊತ್ತಿರುವ ಸ್ಟ್ಯಾಂಡರ್ಡ್ ಇಂಡಕ್ಟರ್ ಒಂದನ್ನು ಅದೇ ಸೆಟ್ಟಿಂಗಿನಲ್ಲಿ ಅಳೆದು ನೋಡಿ.

## ಮಾಡಬಾರದ್ದು

1. ಅಪೋಸಿಂಗ್ ಮಾಡಲೆಂದು ಕಾಯಿಲನ್ನು ತಿರುಗಿಸಿ ಇಡಬೇಡಿ.

ತಿರುಗಿಸಿದರೂ ಫ್ಲಕ್ಸಿನ ದಿಕ್ಕು ಬದಲಾಗುತ್ತದೆ, ನಿಜ. ಆದರೆ ಸುತ್ತು ಪೈಪಿನ ನಟ್ಟನಡುವೆ ಇರುವುದಿಲ್ಲ, ಅಂತರ ಮೊದಲಿನಂತೆ ಉಳಿಯುವುದಿಲ್ಲ, ಅಕ್ಷವೂ ತುಸು ಆಚೀಚೆ ಆಗುತ್ತದೆ. ಬದಲಿಸಬೇಕಾದ್ದು ತಂತಿಯ ತುದಿ ಮಾತ್ರ. ಕಾಯಿಲ್‌ಗಳನ್ನು ಮರದ ತುಂಡಿಗೆ ಟೇಪು ಹಾಕಿ ಬಿಗಿದುಬಿಡಿ. ಕೊನೆಯ ರೀಡಿಂಗ್ ಮುಗಿಯುವ ತನಕ ಟೇಪ್ ಬಿಚ್ಚಬೇಡಿ.

2. ಕಬ್ಬಿಣದ ಮೇಜಿನ ಮೇಲೆ ಅಳೆಯಬೇಡಿ.

ಉಕ್ಕಿನ ಹಾಳೆ ಫ್ಲಕ್ಸಿನ ದಾರಿಯನ್ನೇ ಬದಲಿಸುತ್ತದೆ. ಅಲ್ಯೂಮಿನಿಯಂ ತಟ್ಟೆಯಲ್ಲಿ ಎಡ್ಡಿ ಕರೆಂಟ್ ಹುಟ್ಟಿ ಇಂಡಕ್ಟನ್ಸ್ ಇಳಿಯುತ್ತದೆ. ತಾಳೆ ಇದನ್ನು ಹಿಡಿಯುವುದಿಲ್ಲ, ಏಕೆಂದರೆ ಮೇಜು ನಾಲ್ಕೂ ರೀಡಿಂಗಿನಲ್ಲೂ ಅಲ್ಲೇ ಇತ್ತು. ನೀವು ಅಳೆದದ್ದು ಎರಡು ಕಾಯಿಲ್ ಮತ್ತು ಒಂದು ಮೇಜು ಸೇರಿದ ವ್ಯವಸ್ಥೆಯನ್ನು. ಕಾಯಿಲಿನ ವ್ಯಾಸದ ಎರಡರಷ್ಟಾದರೂ ದೂರದವರೆಗೆ ಲೋಹ ಇರದಂತೆ ನೋಡಿಕೊಳ್ಳಿ. ನಮ್ಮ ಜೋಡಿಗೆ ಅದು 100 ಮಿ.ಮೀ. ಸ್ಕ್ರೂಡ್ರೈವರ್, ಇಕ್ಕಳ, ಕೈಗಡಿಯಾರ ಎಲ್ಲವನ್ನೂ ಅತ್ತ ಸರಿಸಿ. ಅನುಮಾನವಿದ್ದರೆ ಇಡೀ ಮರದ ತುಂಡನ್ನು ಪುಸ್ತಕಗಳ ಅಟ್ಟಿಯ ಮೇಲೆ ಏರಿಸಿ ನೋಡಿ. ರೀಡಿಂಗ್ ಬದಲಾದರೆ ಮೇಜಿನದ್ದೇ ಕೈವಾಡ.

ಆದರೆ ಆ ಕಾಯಿಲ್ ಕೊನೆಗೆ ಲೋಹದ ಪೆಟ್ಟಿಗೆಯೊಳಗೇ ಕೂರುವುದಾದರೆ ಪೆಟ್ಟಿಗೆಯೊಳಗೇ ಇಟ್ಟು ಅಳೆಯಿರಿ, ಹಾಗೆಂದು ಬರೆಯಿರಿ.

3. ದೂರದೂರ ಇರುವ ಕಾಯಿಲ್‌ಗಳ M ಹೇಳುವಾಗ ಮೀಟರ್ ತೋರಿಸಿದ ಅಂಕೆಗಳನ್ನೆಲ್ಲ ನಂಬಬೇಡಿ.

ನಮ್ಮ ಕಾಯಿಲ್‌ಗಳನ್ನು ಸುಮಾರು 60 ಮಿ.ಮೀ. ಅಂತರಕ್ಕೆ ಒಯ್ದಾಗ ಏಡಿಂಗ್ 170.1, ಅಪೋಸಿಂಗ್ 164.3 ಬರುತ್ತದೆ ಎನ್ನಿ. ವ್ಯತ್ಯಾಸ 5.8, M 1.45, k 0.018. ಮೀಟರಿನ ನಿಖರತೆ ಶೇ. 0.3 ಎಂದರೆ ಪ್ರತಿ ರೀಡಿಂಗಿನಲ್ಲಿ 0.5 ಆಚೀಚೆ. ಎರಡು ರೀಡಿಂಗ್‌ಗಳ ತಪ್ಪು ಎದುರುಬದುರಾದರೆ ವ್ಯತ್ಯಾಸದಲ್ಲಿ 1.0, M ನಲ್ಲಿ 0.25. ಅಂದರೆ ಶೇ. 17.

ಒಂದೇ ರೇಂಜ್, ಒಂದೇ ಫ್ರೀಕ್ವೆನ್ಸಿ, ಒಂದೇ ಕೂತಲ್ಲಿ ಅಳೆದಿದ್ದರೆ ಪರಿಸ್ಥಿತಿ ಇಷ್ಟು ಕೆಟ್ಟದ್ದಲ್ಲ. ಮೀಟರಿನ ತಪ್ಪಿನ ಬಹುಪಾಲು ಎರಡು ರೀಡಿಂಗಿನಲ್ಲೂ ಒಂದೇ ಕಡೆಗೆ ವಾಲುತ್ತದೆ. ಕಳೆದ ಮೇಲೆ ಉಳಿಯುವುದು ಕೊನೆಯ ಅಂಕೆಯ ಅಲುಗಾಟ ಮತ್ತು ತಂತಿಯ ಆಚೀಚೆ. ಆದರೆ ಇಲ್ಲಿ ತಂತಿಯ ಆಚೀಚೆಯೂ ಸಣ್ಣದಲ್ಲ. ಏಡಿಂಗಿಗೆ 10 ಸೆಂ.ಮೀ. ತುಂಡು ಬಳಸಿ ಅಪೋಸಿಂಗಿಗೆ ಸಿಕ್ಕಿತೆಂದು 30 ಸೆಂ.ಮೀ. ತುಂಡು ಹಾಕಿದರೆ 0.2 ವ್ಯತ್ಯಾಸ; M ನಲ್ಲಿ ಅದು 0.05, ಶೇ. 3ಕ್ಕಿಂತ ಹೆಚ್ಚು. ಹತ್ತಿರ ಇದ್ದಾಗ ಕಾಣದ ತಪ್ಪು ದೂರ ಹೋದಾಗ ಹೀಗೆ ಎದ್ದು ನಿಲ್ಲುತ್ತದೆ. ಅದೇ ತುಂಡನ್ನೇ ಬಳಸಿ, ಅದನ್ನು ಒಂದೇ ದಾರಿಯಲ್ಲಿ ಹಾಯಿಸಿ. ಏಡಿಂಗ್, ಅಪೋಸಿಂಗ್, ಮತ್ತೆ ಏಡಿಂಗ್ ಎಂದು ಮೂರು ಸಲ ಓದಿ. ಎರಡು ಏಡಿಂಗ್‌ಗಳ ನಡುವಿನ ಅಂತರವೇ ನಿಮ್ಮ ಅಳತೆ ಎಷ್ಟರ ಮಟ್ಟಿಗೆ ನಿಲ್ಲುತ್ತದೆ ಎಂಬುದನ್ನು ಹೇಳುತ್ತದೆ.

M ತೀರಾ ಚಿಕ್ಕದಿದ್ದಾಗ ಇನ್ನೊಂದು ಪರೀಕ್ಷೆಯನ್ನೂ ಮಾಡಿ. ಒಂದು ಕಾಯಿಲಿನ ನಡು ಮತ್ತೊಂದರ ಅಕ್ಷದ ಮೇಲೇ ಇರುವಂತೆ ಇಟ್ಟು ಅದನ್ನು 90 ಡಿಗ್ರಿ ಅಡ್ಡ ತಿರುಗಿಸಿದರೆ M ಸೊನ್ನೆಯಾಗಬೇಕು, ಏಡಿಂಗ್ ಅಪೋಸಿಂಗ್ ಎರಡೂ ಒಂದೇ ಬರಬೇಕು. ಆಗಲೂ ವ್ಯತ್ಯಾಸ ಉಳಿದರೆ ಅದು ನಿಮ್ಮ ತಂತಿಗಳದ್ದೋ ಕ್ಲಿಪ್ಪುಗಳದ್ದೋ. ಹಳೆಯ ರೇಡಿಯೋಗಳ ವೇರಿಯೋಮೀಟರ್ ಕೆಲಸ ಮಾಡುತ್ತಿದ್ದುದೂ ಹೀಗೆಯೇ: ಸೀರೀಸಿನಲ್ಲಿ ಸೇರಿಸಿದ ಎರಡು ಕಾಯಿಲ್‌ಗಳಲ್ಲಿ ಒಂದನ್ನು ಗುಬಟಿನಿಂದ ತಿರುಗಿಸಿ ಅಪೋಸಿಂಗಿನಿಂದ ಏಡಿಂಗಿನವರೆಗೆ ಬೇಕಾದ ಇಂಡಕ್ಟನ್ಸ್ ಪಡೆಯುತ್ತಿದ್ದರು.

4. ಟ್ರಾನ್ಸ್‌ಫಾರ್ಮರಿನ k ಹೇಳಲು ಈ ವಿಧಾನವನ್ನು ನೆಚ್ಚಬೇಡಿ.

ಒಂದೇ ಫೆರೈಟ್ ಕೋರಿನ ಮೇಲೆ 100 ಮಿಲಿಹೆನ್ರಿಯ ಪ್ರೈಮರಿ, 1 ಮಿಲಿಹೆನ್ರಿಯ ಸೆಕೆಂಡರಿ ಇದೆ, k 0.99 ಎನ್ನಿ. ಆಗ M 9.9, ಏಡಿಂಗ್ 120.8, ಅಪೋಸಿಂಗ್ 81.2. ಪ್ರತಿ ರೀಡಿಂಗಿನಲ್ಲಿ ಶೇ. 0.2 ತಪ್ಪು ಎದುರುಬದುರಾದರೆ ವ್ಯತ್ಯಾಸ 39.6ರಲ್ಲಿ 0.4 ಆಚೀಚೆ, ಅಂದರೆ ಶೇ. 1. ಹಾಗಾದರೆ k 0.98 ಇರಬಹುದು, 1.00 ಇರಬಹುದು. ಟ್ರಾನ್ಸ್‌ಫಾರ್ಮರಿನವರಿಗೆ ಬೇಕಾದ್ದು ಒಂದರಿಂದ ಎಷ್ಟು ಕಡಿಮೆ ಎಂಬ ಸಂಗತಿ. ಅದೇ ಇಲ್ಲಿ ಮಸುಕಾಗಿಬಿಡುತ್ತದೆ.

ಇಂಥಲ್ಲಿ ಸೆಕೆಂಡರಿಯನ್ನು ಶಾರ್ಟ್ ಮಾಡಿ ಪ್ರೈಮರಿಯ ಇಂಡಕ್ಟನ್ಸ್ ಅಳೆಯಿರಿ.

```
k = √(1 - Lsc / L1)
```

ಇದೇ ಉದಾಹರಣೆಯಲ್ಲಿ Lsc ಸುಮಾರು 2 ಮಿಲಿಹೆನ್ರಿ. ಅದನ್ನು ಅಳೆಯುವಾಗ ಶೇ. 1 ತಪ್ಪಿದರೂ k ಬದಲಾಗುವುದು 0.0001 ಮಾತ್ರ. ಶಾರ್ಟ್ ಮಾಡುವ ತಂತಿ ದಪ್ಪಗೆ, ಗಿಡ್ಡಗೆ ಇರಲಿ. ಫ್ರೀಕ್ವೆನ್ಸಿ ಕೂಡ ಸೆಕೆಂಡರಿಯ ರಿಯಾಕ್ಟನ್ಸ್ ಅದರ ರೆಸಿಸ್ಟನ್ಸಿಗಿಂತ ತುಂಬ ದೊಡ್ಡದಾಗುವಷ್ಟು ಮೇಲಿರಲಿ. ಇಲ್ಲದಿದ್ದರೆ ಶಾರ್ಟ್ ಶಾರ್ಟಿನಂತೆ ವರ್ತಿಸುವುದಿಲ್ಲ. ದುರ್ಬಲ ಕಪ್ಲಿಂಗಿಗೆ ಈ ಸೂತ್ರ ಬೇಡ: k 0.02 ಇದ್ದರೆ ಶಾರ್ಟ್ ಮಾಡಿದಾಗ ಇಂಡಕ್ಟನ್ಸ್ ಇಳಿಯುವುದು ಶೇ. 0.04 ಮಾತ್ರ, ಮೀಟರಿಗೆ ಅದು ಕಾಣುವುದೇ ಇಲ್ಲ. ಅಲ್ಲಿಗೆ ಏಡಿಂಗ್–ಅಪೋಸಿಂಗ್ ವಿಧಾನವೇ ಸರಿ.

ಸಿಲಿಕಾನ್ ಸ್ಟೀಲಿನ ಪಟ್ಟಿಗಳ ಕೋರ್ ಇದ್ದರೆ ತೊಡಕು ಇನ್ನೂ ಒಂದಿದೆ. ಆ ಕೋರಿನ ಪರ್ಮಿಯಬಿಲಿಟಿ ಫ್ಲಕ್ಸಿನ ಮಟ್ಟದೊಂದಿಗೆ ಬದಲಾಗುತ್ತದೆ. ಒಂದೇ ಕರೆಂಟಿಗೆ ಏಡಿಂಗ್‌ನಲ್ಲಿ ಕೋರಿನ ಫ್ಲಕ್ಸ್ ಹೆಚ್ಚು, ಅಪೋಸಿಂಗ್‌ನಲ್ಲಿ ಕಡಿಮೆ. ಹಾಗಾಗಿ ಎರಡು ರೀಡಿಂಗಿನಲ್ಲಿ L1, L2 ಒಂದೇ ಆಗಿ ಉಳಿಯುವುದೇ ಇಲ್ಲ, ಸೂತ್ರದ ಬುಡವೇ ಅಲುಗುತ್ತದೆ. ತಾಳೆಯಲ್ಲಿ ಇದು ಎದ್ದು ಕಾಣುತ್ತದೆ. ಮೀಟರಿನ ಟೆಸ್ಟ್ ಲೆವೆಲ್ ಬದಲಿಸಿದಾಗ ಇಂಡಕ್ಟನ್ಸ್ ಬದಲಾದರೆ ಆ ಕೋರಿಗೆ ಈ ವಿಧಾನ ಹೊಂದುವುದಿಲ್ಲ ಎಂದೇ ತಿಳಿಯಿರಿ.

5. ಒಂದಕ್ಕಿಂತ ದೊಡ್ಡ k ಬಂದರೆ ವರದಿಯಲ್ಲಿ ಬರೆಯಬೇಡಿ. 1.00 ಎಂದು ತಿದ್ದಿ ಬರೆಯಲೂಬೇಡಿ.

k ಒಂದನ್ನು ದಾಟುವುದು ಅಸಾಧ್ಯ. ದಾಟಿದರೆ ಯಾವುದಾದರೂ ಕರೆಂಟುಗಳಿಗೆ ಜೋಡಿಯಲ್ಲಿ ಕೂಡಿಟ್ಟ ಶಕ್ತಿ ಋಣಾತ್ಮಕವಾಗಬೇಕಾಗುತ್ತದೆ. ಬೆಂಚಿನ ಮೇಲೆ ಇದನ್ನು ಗುರುತಿಸುವ ಸುಲಭ ದಾರಿ ಇದೆ: ಅಪೋಸಿಂಗ್ ರೀಡಿಂಗ್ (√L1 − √L2)²ಕ್ಕಿಂತ ಕೆಳಗೆ ಇಳಿಯಬಾರದು. ಮೇಲಿನ ಟ್ರಾನ್ಸ್‌ಫಾರ್ಮರಿನಲ್ಲಿ ಅದು (10 − 1)² = 81. ರೀಡಿಂಗ್ 80.5 ಬಂದರೆ ಲೆಕ್ಕ ಮುಂದುವರಿಸಬೇಡಿ. ಮೋಡ್, ಫ್ರೀಕ್ವೆನ್ಸಿ, ರೇಂಜ್, ಶಾರ್ಟ್ ಆಗಿ ಉಳಿದ ಮೂರನೇ ವೈಂಡಿಂಗ್, ಇಷ್ಟನ್ನು ಈ ಕ್ರಮದಲ್ಲಿ ಪರೀಕ್ಷಿಸಿ.

6. ಸರ್ಕ್ಯೂಟಿಗೆ ಸೇರಿರುವ ಕಾಯಿಲಿಗೆ ಮೀಟರ್ ಹಚ್ಚಬೇಡಿ.

ಸಮಾಂತರವಾಗಿರುವ ಕೆಪಾಸಿಟರ್ ರೀಡಿಂಗನ್ನು ಹಾಳು ಮಾಡುತ್ತದೆ. ಚಾರ್ಜ್ ಉಳಿದಿದ್ದರೆ ಮೀಟರನ್ನೇ ಹಾಳು ಮಾಡುತ್ತದೆ. ಕಾಯಿಲನ್ನು ಬಿಡಿಸಿ, ಕೆಪಾಸಿಟರನ್ನು ರೆಸಿಸ್ಟರ್ ಮೂಲಕ ಖಾಲಿ ಮಾಡಿ, ಆಮೇಲೆ ಅಳೆಯಿರಿ.

## ವರದಿಯಲ್ಲಿ ಇರಲೇಬೇಕಾದ್ದು

M ಮತ್ತು k ಎರಡೇ ಸಂಖ್ಯೆ ಬರೆದು ಒಪ್ಪಿಸಿದ ವರದಿಯನ್ನು ತೆಗೆದುಕೊಳ್ಳುವುದಿಲ್ಲ. ಫ್ರೀಕ್ವೆನ್ಸಿ, ಮೋಡ್, ರೇಂಜ್ ಮತ್ತು ಟೆಸ್ಟ್ ಲೆವೆಲ್ ಒಂದು ಸಾಲಿನಲ್ಲಿ ಬರೆಯಿರಿ. ಕಾಯಿಲ್‌ಗಳ ಅಂತರ, ಅಕ್ಷ, ಸುತ್ತಮುತ್ತಲಿನ ಲೋಹ ಇನ್ನೊಂದು ಸಾಲಿನಲ್ಲಿ. ನಾಲ್ಕು ಇಂಡಕ್ಟನ್ಸ್‌ಗಳೂ ನಾಲ್ಕು ರೆಸಿಸ್ಟನ್ಸ್‌ಗಳೂ ಲೆಕ್ಕ ಹಾಕುವ ಮೊದಲಿನ ಮೂಲ ರೂಪದಲ್ಲಿರಲಿ. ಸರಾಸರಿ ಮತ್ತು ಮೊತ್ತ ಅಕ್ಕಪಕ್ಕದಲ್ಲಿರಲಿ. ಅವೆರಡರ ಅಂತರದಲ್ಲಿ ಜೋಡಣೆಯ ತಂತಿಯ ಪಾಲು ಎಷ್ಟೆಂದು ಹೇಳಿ, ಉಳಿದದ್ದನ್ನು M ನ ಅನಿಶ್ಚಿತತೆಯಾಗಿ ಬರೆಯಿರಿ.

ಆ ಉಳಿಕೆ M ನ ಶೇ. 5ನ್ನು ಮೀರಿದರೆ ಮೊದಲು ಕಾಯಿಲ್‌ಗಳ ಅಂತರವನ್ನು ಸ್ಕೇಲಿಟ್ಟು ನೋಡಿ. ಅದು ಸರಿಯಿದ್ದರೆ ಸಂಪರ್ಕಗಳನ್ನು ನೋಡಿ. ಅದೂ ಸರಿಯಿದ್ದರೆ ಓಪನ್–ಶಾರ್ಟ್ ಕರೆಕ್ಷನ್ ಮತ್ತೆ ಮಾಡಿ, ನಾಲ್ಕೂ ರೀಡಿಂಗನ್ನು ಹೊಸದಾಗಿ ತೆಗೆದುಕೊಳ್ಳಿ. ಹಳೆಯ ಏಡಿಂಗಿಗೆ ಹೊಸ ಅಪೋಸಿಂಗನ್ನು ಜೋಡಿಸುವಂತಿಲ್ಲ.